ಬಾಣಂತಿಯ ಕೈಗೆ ಏನು ಕೊಡುವುದು?

(ಕೇರಳದ ಬದಿಯಡ್ಕದ ಹತ್ತಿರ ಕುಟುಂಬಶ್ರೀ ಎಂಬ ಹೆಂಗಸರ ಸ್ವಸಹಾಯ ಗುಂಪಿನ ಸದಸ್ಯೆಯರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)

ಮಗು ನೋಡಲಿಕ್ಕೆ ಹೊರಟವರ ಚೀಲದಲ್ಲಿ ಏನಿರುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಒಂದು ಫ್ರಾಕು, ಇಲ್ಲದಿದ್ದರೆ ಪುಟ್ಟ ಜುಬ್ಬ. ಸೋಪು, ಎಣ್ಣೆ, ಪೌಡರು ಇರುವ ಬೇಬಿ ಸೆಟ್ಟು. ಹತ್ತಿರದ ನೆಂಟರಾದರೆ ಬೆಳ್ಳಿಯ ಉಡಿದಾರ, ಕಾಲಿಗೆ ಗೆಜ್ಜೆ. ಒಳಗೆ ಹೋದ ಕೂಡಲೇ ಎಲ್ಲರೂ ತೊಟ್ಟಿಲಿಗೆ ಬಗ್ಗುತ್ತೇವೆ. ಮೂಗು ಅಪ್ಪನದ್ದಾ, ಬಣ್ಣ ಅಜ್ಜಿಯದ್ದಾ ಅಂತ ಚರ್ಚೆ ಶುರು. ಅಷ್ಟರಲ್ಲಿ ಚಾ ಬರುತ್ತದೆ. ಹೆತ್ತವಳು ಗೋಡೆಗೆ ಒರಗಿ ಕೂತು ಎಲ್ಲರನ್ನೂ ನೋಡಿ ನಗುತ್ತಿರುತ್ತಾಳೆ. ಅವಳಿಗೆ ಅಂತ ಆ ಚೀಲದಲ್ಲಿ ಏನೂ ಇರುವುದಿಲ್ಲ.

ಮಗುವಿಗೆ ಕೊಡಬೇಡಿ ಅಂತ ನಾನು ಹೇಳುವುದಿಲ್ಲ. ಆದರೆ ಹುಟ್ಟಿದ ಮಗುವಿಗೆ ಮೊದಲ ಒಂದೂವರೆ ತಿಂಗಳಲ್ಲಿ ಬೇಕಾದ್ದು ಬಹಳ ಕಡಿಮೆ. ಅಮ್ಮನ ಹಾಲು, ಮೈಗೆ ಬಿಸುಪು, ಒಣ ಬಟ್ಟೆ. ಕೊಟ್ಟ ಫ್ರಾಕುಗಳಲ್ಲಿ ಅರ್ಧಕ್ಕರ್ಧ ಒಂದು ಸಲವೂ ಹಾಕದೆ ಚಿಕ್ಕದಾಗುತ್ತವೆ. ಪೌಡರು ಬೇಡವೆಂದು ಮಕ್ಕಳ ಡಾಕ್ಟರುಗಳೇ ಹೇಳುತ್ತಾರೆ, ಅದರ ಹುಡಿ ಮಗುವಿನ ಉಸಿರಿಗೆ ಹೋಗುತ್ತದೆ. ಆದರೂ ಪ್ರತಿ ಮನೆಯ ಕಪಾಟಿನಲ್ಲಿ ನಾಲ್ಕು ಡಬ್ಬಿ ಉಂಟು, ಅಲ್ವಾ?

ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡಿದವಳು ನಾನು. ಆಮೇಲೆ ಮನೆಮನೆಗೆ ಹೋಗಿ ಬಾಣಂತಿಯರನ್ನು ನೋಡುವ ಕೆಲಸವನ್ನೂ ಮಾಡಿದ್ದೇನೆ. ಇವತ್ತು ಎಲ್ಲ ಬಾಣಂತಿಯರ ಕಥೆ ಹೇಳಲಿಕ್ಕೆ ಹೋಗುವುದಿಲ್ಲ. ಸಿಸೇರಿಯನ್ ಆಗಿ ಮನೆಗೆ ಬಂದವಳು, ಮೊದಲ ಆರು ವಾರ, ಅಷ್ಟೇ. ಯಾಕೆಂದರೆ ನಮ್ಮಲ್ಲಿ ಅಂಥವರು ಬಹಳ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕೇರಳದಲ್ಲಿ ಹತ್ತು ಹೆರಿಗೆಯಲ್ಲಿ ಸುಮಾರು 4 ಸಿಸೇರಿಯನ್. ಇಷ್ಟೆಲ್ಲ ಆದರೂ ನಮ್ಮ ಬಾಣಂತನದ ಕ್ರಮಗಳೆಲ್ಲ ಹಳೆಯ ಕಾಲದ, ಹೊಟ್ಟೆ ಕೊಯ್ಯದ ಹೆರಿಗೆಗೆ ಹೊಂದಿಕೊಂಡು ಬಂದವು.

ಅವಳ ಮೈಗೆ ಏನಾಗಿದೆ ಅಂತ ಮೊದಲು ನೋಡೋಣ. ಗಾಯ ಕೆಳಹೊಟ್ಟೆಯಲ್ಲಿ ಅಡ್ಡಕ್ಕೆ ಇರುತ್ತದೆ. ಮೇಲಿನ ಚರ್ಮ ಒಂದೆರಡು ವಾರದಲ್ಲಿ ಕೂಡಿಕೊಳ್ಳುತ್ತದೆ, ಒಳಗಿನದ್ದು ಅಷ್ಟು ಬೇಗ ಅಲ್ಲ. ಹಾಗಾಗಿ ಆರು ವಾರದವರೆಗೆ ಮಗುವಿಗಿಂತ ಭಾರದ್ದು ಏನನ್ನೂ ಎತ್ತಬೇಡ ಎಂದು ಆಸ್ಪತ್ರೆಯಿಂದ ಕಳಿಸುವಾಗ ಹೇಳುತ್ತಾರೆ. ಹುಟ್ಟಿದ ಮಗು ಸಾಧಾರಣ ಮೂರು, ಮೂರೂವರೆ ಕಿಲೋ. ಬಚ್ಚಲಿನ ತುಂಬಿದ ಬಕೆಟು 15 ಕಿಲೋಕ್ಕೆ ಕಡಿಮೆ ಇಲ್ಲ. ಒದ್ದೆ ಬಟ್ಟೆ ತುಂಬಿದ ಬಾಲ್ದಿಯೂ ಹಾಗೇ. ಮಲಗಿದಲ್ಲಿಂದ ಏಳಬೇಕಾದರೆ ನೇರ ಏಳಲಿಕ್ಕಾಗುವುದಿಲ್ಲ. ಒಂದು ಬದಿಗೆ ಹೊರಳಿ, ಕಾಲು ಕೆಳಗೆ ಬಿಟ್ಟು, ಕೈ ಊರಿ ಏಳಬೇಕು. ಕೆಮ್ಮಿದರೆ, ಸೀನಿದರೆ ಗಾಯದ ಮೇಲೆ ದಿಂಬು ಒತ್ತಿ ಹಿಡಿದುಕೊಳ್ಳಬೇಕು. ಮತ್ತೆ ಸಿಸೇರಿಯನ್ ಆದವಳಿಗೆ ರಕ್ತಸ್ರಾವ ಇರುವುದಿಲ್ಲ ಎಂದು ಎಷ್ಟೋ ಮಂದಿ ತಿಳಿದಿದ್ದಾರೆ. ಹಾಗಲ್ಲ. ಅವಳಿಗೂ ನಾಲ್ಕರಿಂದ ಆರು ವಾರ ಹೋಗುತ್ತದೆ. ಮೊದಲು ಕೆಂಪು, ಆಮೇಲೆ ಕಂದು, ಕೊನೆಗೆ ಬಿಳಿಚು. ದೊಡ್ಡ ಪ್ಯಾಡ್ ಒಂದೇ ಗಂಟೆಯಲ್ಲಿ ಪೂರ್ತಿ ತೊಯ್ದರೆ, ದೊಡ್ಡ ಗಡ್ಡೆಗಳು ಹೋದರೆ ಕಾಯಬಾರದು, ಕೂಡಲೇ ಆಸ್ಪತ್ರೆಗೆ.

ಇದರ ಮೇಲೆ ಹಾಲು ಕೊಡುವ ಕೆಲಸ. 24 ಗಂಟೆಯಲ್ಲಿ 8ರಿಂದ 12 ಸಲ. ಹಗಲಿಗೆ ಇಷ್ಟು, ರಾತ್ರಿಗೆ ಇಷ್ಟು ಅಂತ ಮಗುವಿಗೆ ಲೆಕ್ಕ ಇಲ್ಲ. ಅಂದರೆ ಇವಳ ಒಂದು ಕೈ ಯಾವಾಗಲೂ ಮಗುವಿನ ಕೆಳಗೆ ಇರುತ್ತದೆ. ಏಳಲಿಕ್ಕೆ ಕಷ್ಟ, ಬಗ್ಗಲಿಕ್ಕೆ ಆಗುವುದಿಲ್ಲ, ಒಂದೇ ಕೈ ಖಾಲಿ. ಅಂಗಡಿಗೆ ಹೋಗುವಾಗ ಈ ಮೂರನ್ನು ನೆನಪಿಟ್ಟುಕೊಂಡರೆ ಅರ್ಧ ಕೆಲಸ ಮುಗಿಯಿತು.

ಒಂದು ಉದಾಹರಣೆ ಹೇಳುತ್ತೇನೆ. ನಮ್ಮ ಕಡೆಯ ಒಂದು ಶಾಲೆಯ ಐದು ಮಂದಿ ಟೀಚರುಗಳು. ಅವರ ಜೊತೆ ಕೆಲಸ ಮಾಡುವ ಹುಡುಗಿಗೆ ಸಿಸೇರಿಯನ್ ಆಗಿ ತಾಯಿ ಮನೆಗೆ ಬಂದಿದ್ದಳು. ತಲಾ ಒಂದು ಸಾವಿರ ಹಾಕಿ ಐದು ಸಾವಿರ ಕೂಡಿಸಿದ್ದರು. ಮಗುವಿಗೆ ತಳ್ಳುವ ಗಾಡಿ ತರುವುದು ಎಂದು ನಿಶ್ಚಯವಾಗಿತ್ತು. ಆ ಮನೆಗೆ ರಸ್ತೆಯಿಂದ ಇಳಿಯಲಿಕ್ಕೆ ಕಲ್ಲಿನ ಮೆಟ್ಟಿಲು, ಆಮೇಲೆ ಅಡಿಕೆ ತೋಟದ ನಡುವೆ ಕಾಲುದಾರಿ. ಗಾಡಿಯನ್ನು ಎಲ್ಲಿ ತಳ್ಳುವುದು? ಅವರಲ್ಲಿ ಒಬ್ಬರು ನನ್ನನ್ನು ಕೇಳಿದರು. ನಾನು ಹೇಳಿದೆ, ನೀವು ಐದು ಜನ ಕೂತು ಯೋಚಿಸುವುದು ಬೇಡ, ಅವಳ ಅಕ್ಕನಿಗೆ ಫೋನ್ ಮಾಡಿ.

ಬಾಣಂತಿಗೇ ಫೋನ್ ಮಾಡಿ ಕೇಳಿದರೆ ಪ್ರಯೋಜನ ಇಲ್ಲ. "ಅಯ್ಯೋ, ಏನೂ ಬೇಡ ಟೀಚರೇ, ನೀವು ಬಂದರೆ ಸಾಕು" ಎನ್ನುತ್ತಾಳೆ. ಅದು ನಮ್ಮ ಮರ್ಯಾದೆ. ಅಕ್ಕನ ಹತ್ತಿರವೂ "ಏನು ಬೇಕು" ಅಂತ ಕೇಳಬಾರದು. "ಬೆಳಿಗ್ಗೆ ಎದ್ದು ಮಧ್ಯಾಹ್ನದ ಒಳಗೆ ಅಲ್ಲಿ ಯಾರು ಯಾರು ಏನೇನು ಮಾಡುತ್ತಾರೆ" ಅಂತ ಕೇಳಬೇಕು. ಅಕ್ಕ ಹೇಳಿದ್ದು ಇಷ್ಟು. ಬಾಣಂತಿಯನ್ನೂ ಮಗುವನ್ನೂ ಮೀಯಿಸಲಿಕ್ಕೆ ಒಬ್ಬರು ಹೆಂಗಸು ಬರುತ್ತಾರೆ, ಮಿಂದು ಆದ ಕೂಡಲೇ ಹೋಗುತ್ತಾರೆ. ಅಡುಗೆ ಅಮ್ಮನದ್ದು. ಅಮ್ಮನಿಗೆ ಮಂಡಿನೋವು. ಅಪ್ಪ ತೋಟದಲ್ಲಿ. ಗಂಡ ಗಲ್ಫಿನಲ್ಲಿ. ಬಟ್ಟೆ ಒಗೆಯುವುದು ಯಾರು ಅಂತ ಕೇಳಿದರೆ ಅಕ್ಕ ಸ್ವಲ್ಪ ಸುಮ್ಮನಾದಳಂತೆ. ಅಮ್ಮ ಒಗೆಯುತ್ತಾರೆ, ಅಮ್ಮನಿಗೆ ಆಗದ ದಿನ ಅವಳೇ ನಿಧಾನಕ್ಕೆ ಹೋಗಿ ಒಗೆಯುತ್ತಾಳೆ ಎಂದಳು.

ಆಗ ಆಟಿ ತಿಂಗಳು. ಆಟಿಯ ಮಳೆಯಲ್ಲಿ ಮಗುವಿನ ಬಟ್ಟೆ ಅಂದರೆ ಏನು ಅಂತ ನಿಮಗೆ ಗೊತ್ತು. ಹಾಲು ಸರಿಯಾಗಿ ಸಿಗುವ ಮಗು ಐದನೇ ದಿನದಿಂದ ಆಚೆಗೆ ದಿನಕ್ಕೆ ಕಡಿಮೆಯೆಂದರೂ ಆರು ಸಲ ಮೂತ್ರ ಮಾಡುತ್ತದೆ. ಕಕ್ಕ ಬೇರೆ. ಕೆಳಗೆ ಹಾಸಿದ್ದು, ಮೇಲೆ ಹೊದೆಸಿದ್ದು, ಕಕ್ಕಿದ್ದನ್ನು ಒರೆಸಿದ್ದು, ಬಾಣಂತಿಯ ನೈಟಿ ಎಲ್ಲ ಸೇರಿ ಒಂದು ಬಾಲ್ದಿ ತುಂಬಿ ಚೆಲ್ಲುತ್ತದೆ. ಒಗೆದರೆ ಸಾಕಾ? ಒಣಗಬೇಕಲ್ಲ. ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ ಹಾಕಿದರೆ ಹೊಗೆಯ ವಾಸನೆ. ಅರೆ ಒಣಗಿದ್ದನ್ನೇ ಕಟ್ಟಿದರೆ ಮಗುವಿನ ತೊಡೆಸಂದು ಕೆಂಪಾಗುತ್ತದೆ. ಆಗ ಬೈಗುಳ ಯಾರಿಗೆ? ಬಾಣಂತಿಗೆ!

ಐದು ಸಾವಿರವನ್ನು ಅವರು ಹೀಗೆ ಹಂಚಿದರು. ಅದೇ ವಠಾರದ ಒಬ್ಬರು ಹೆಂಗಸಿಗೆ ಬೆಳಿಗ್ಗೆ ಒಂದೂವರೆ ಗಂಟೆ ಕೆಲಸ, ದಿನಕ್ಕೆ 150 ರೂಪಾಯಿ. ವಾರಕ್ಕೆ ಆರು ದಿನ, ನಾಲ್ಕು ವಾರ. ಅಲ್ಲಿಗೆ 3600. ಉಳಿದದ್ದು 1400. ಅದರಲ್ಲಿ 600ಕ್ಕೆ ಒಂದು ಫ್ಲಾಸ್ಕ್, 800ಕ್ಕೆ ಎರಡು ಫೀಡಿಂಗ್ ನೈಟಿ. ಮಗುವಿಗೆ ಅಂತ ಒಂದು ರೂಪಾಯಿಯೂ ಇಲ್ಲ.

ಕೆಲಸದ ಜನ ಮಾಡಿಕೊಡುವುದು ಒಳ್ಳೆಯ ಉಡುಗೊರೆ, ಆದರೆ ಸುಲಭದ ಉಡುಗೊರೆ ಅಲ್ಲ. ಇಲ್ಲಿ ಎರಡು ತೊಡಕು ಬಂತು, ನಿಮಗೂ ಬರಬಹುದು.

ಮೊದಲನೆಯದು, ಬಾಣಂತಿಯ ಅಮ್ಮ ಒಪ್ಪಲಿಲ್ಲ. ಹೊರಗಿನವರು ಯಾಕೆ, ನನ್ನ ಮಗಳನ್ನು ನೋಡಿಕೊಳ್ಳಲಿಕ್ಕೆ ನನಗೆ ಆಗುವುದಿಲ್ಲವಾ ಎಂದರು. ಆ ಮಾತಿನ ಒಳಗೆ ಎರಡು ವಿಷಯ ಉಂಟು. ಒಂದು, ಬಾಣಂತಿ ಕೋಣೆಗೆ ಯಾರ್ಯಾರೋ ಬರಬಾರದು. ಇನ್ನೊಂದು, ಮಗಳ ಬಾಣಂತನ ಮಾಡಲಿಕ್ಕೆ ತಾಯಿಗೆ ಕೂಡಲಿಲ್ಲ ಎಂದು ನೆರೆಕರೆಯವರು ಆಡಬಾರದು. ಟೀಚರುಗಳು ಅಮ್ಮನ ಹತ್ತಿರ ವಾದ ಮಾಡಲಿಲ್ಲ. ಆ ಹೆಂಗಸು ಮನೆಯ ಒಳಗೆ ಬರುವುದೇ ಇಲ್ಲ, ಬಾವಿಕಟ್ಟೆಯ ಹತ್ತಿರ ಒಗೆದು ಜಗಲಿಯಲ್ಲಿ ಹರಡಿ ಹೋಗುತ್ತಾರೆ, ಇದು ನಿಮ್ಮ ಮಂಡಿನೋವಿಗೆ ಅಂತ ಇಟ್ಟುಕೊಳ್ಳಿ ಎಂದರು. ಅಮ್ಮ ಒಪ್ಪಿದರು.

ಎರಡನೆಯದು, ಒಂದು ವಾರದಲ್ಲಿ ಆ ಬಾಲ್ದಿಗೆ ಅಪ್ಪನ ತೋಟದ ಅಂಗಿ, ಲುಂಗಿ, ನೆಂಟರು ಬಂದು ಮಲಗಿದ ಬೆಡ್‌ಶೀಟು ಎಲ್ಲ ಬಂದು ಬಿದ್ದವು. ಒಂದೂವರೆ ಗಂಟೆಯ ಕೆಲಸ ಮೂರು ಗಂಟೆ ಆಯಿತು. ಆ ಹೆಂಗಸು ಬರುವುದಿಲ್ಲ ಎಂದು ಕೂತರು. ಅವರದ್ದೇನು ತಪ್ಪು? ಹಾಗಾಗಿ ಮೊದಲೇ ಮಾತಾಡಿಕೊಳ್ಳಬೇಕು. ಮಗುವಿನದ್ದು ಮತ್ತು ಬಾಣಂತಿಯದ್ದು ಮಾತ್ರ. ಇದನ್ನು ಮನೆಯವರ ಎದುರಿಗೇ, ಆ ಹೆಂಗಸಿನ ಎದುರಿಗೇ ಹೇಳಬೇಕು. ಮತ್ತೆ ಸಂಬಳವನ್ನು ವಾರಕ್ಕೊಮ್ಮೆ ಉಡುಗೊರೆ ಕೊಟ್ಟವರೇ ನೇರವಾಗಿ ಕೊಡಬೇಕು. ದುಡ್ಡನ್ನು ಒಟ್ಟಿಗೆ ಮನೆಯವರ ಕೈಗೆ ಕೊಟ್ಟರೆ ಅದು ಬೇರೆ ಖರ್ಚಿಗೆ ಹೋಗುತ್ತದೆ. ಯಾರ ಮನೆಯಲ್ಲೂ ಹಾಗೇ, ಬೇಕೆಂದು ಮಾಡುವುದಲ್ಲ. ಗ್ಯಾಸ್ ಮುಗಿದಿರುತ್ತದೆ.

ಹಾಗೆ ಜನ ಸಿಗದಿದ್ದರೆ? ಡಯಾಪರಿನ ದೊಡ್ಡ ಪ್ಯಾಕ್ ಕೊಡಿ. ನೀವು ನಗುತ್ತೀರಿ, ಮಗುವಿಗೆ ಬೇಡ ಎಂದವಳು ಡಯಾಪರ್ ಎನ್ನುತ್ತಾಳಲ್ಲ ಅಂತ. ಡಯಾಪರ್ ಹಾಕಿಕೊಳ್ಳುವುದು ಮಗುವೇ, ಆದರೆ ಮಳೆಗಾಲದ ರಾತ್ರಿ ಅದರಿಂದ ನಿದ್ದೆ ಸಿಗುವುದು ಅಮ್ಮನಿಗೆ. ರಾತ್ರಿಗೆ ಮಾತ್ರ, ಮೂರು ನಾಲ್ಕು ಗಂಟೆಗೆ ಒಮ್ಮೆ ಬದಲಿಸಬೇಕು, ಕಕ್ಕ ಮಾಡಿದರೆ ಕೂಡಲೇ. ಹುಟ್ಟಿದ ಮಗುವಿನ ಅಳತೆಯದ್ದನ್ನು ರಾಶಿ ತರಬೇಡಿ, ಬೇಗ ಸಣ್ಣದಾಗುತ್ತದೆ. ಮುಂದಿನ ಅಳತೆಯದ್ದೂ ಒಂದು ಇರಲಿ.

ಈಗ ಫ್ಲಾಸ್ಕಿನ ವಿಷಯ. ಇದು ಯಾಕೆ ಇಷ್ಟು ದೊಡ್ಡ ವಿಷಯ ಅಂತ ಕೇಳಬಹುದು. ಬಾಣಂತಿಗೆ ನೀರು ಜಾಸ್ತಿ ಕೊಡಬಾರದು, ಕೊಟ್ಟರೆ ಹೊಟ್ಟೆ ಬರುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಇನ್ನೂ ಗಟ್ಟಿ. ಹೊಟ್ಟೆ ದೊಡ್ಡದಾಗಿ ಕಾಣುವುದು ನೀರಿನಿಂದ ಅಲ್ಲ, ಒಂಬತ್ತು ತಿಂಗಳು ಹಿಗ್ಗಿದ ಸ್ನಾಯು ಇನ್ನೂ ಸಡಿಲ ಇರುವುದರಿಂದ. ನೀರು ಕಡಿಮೆಯಾದರೆ ಆಗುವುದೇನು? ಅವಳು ಕಬ್ಬಿಣದ ಮಾತ್ರೆ ತಿನ್ನುತ್ತಿರುತ್ತಾಳೆ. ಹೆರಿಗೆಯಾದ ಮೇಲೆ 180 ದಿನ ಅದನ್ನು ತೆಗೆದುಕೊಳ್ಳಬೇಕೆಂದು ಸರ್ಕಾರದ ಕಾರ್ಯಕ್ರಮದಲ್ಲೇ ಉಂಟು. ಆ ಮಾತ್ರೆಗೆ ಮೊದಲೇ ಮಲ ಗಟ್ಟಿಯಾಗುತ್ತದೆ. ನೀರೂ ಇಲ್ಲದಿದ್ದರೆ ಮತ್ತೂ ಗಟ್ಟಿ. ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡು ತಿಣುಕುವುದು ಅಂದರೆ ಏನು ಅಂತ ಅನುಭವಿಸಿದವರಿಗೇ ಗೊತ್ತು. ಆಮೇಲೆ ಅವಳು ಮಾಡುವುದು ಏನೆಂದರೆ, ಮಾತ್ರೆಯನ್ನೇ ಬಿಡುತ್ತಾಳೆ. ಹೆರಿಗೆಯಲ್ಲಿ ಹೋದ ರಕ್ತ ಹಾಗೇ ಹೋಯಿತು.

ಇನ್ನೊಂದು ಅಪಾಯವೂ ಉಂಟು. ಸಿಸೇರಿಯನ್ ಆದವಳು ನೀರು ಕುಡಿಯದೆ, ನಡೆದಾಡದೆ ಬಿದ್ದುಕೊಂಡೇ ಇದ್ದರೆ ಕಾಲಿನ ಒಳಗೆ ರಕ್ತ ಹೆಪ್ಪುಗಟ್ಟಬಹುದು. ಒಂದೇ ಕಾಲಿನ ಮೀನಖಂಡ ಬಾತು, ನೋವು, ಬಿಸಿ ಇದ್ದರೆ ಎಣ್ಣೆ ಹಾಕಿ ತಿಕ್ಕಬಾರದು. ಡಾಕ್ಟರಿಗೆ ತೋರಿಸಬೇಕು.

ಆದರೆ ಮನೆಯ ಅಜ್ಜಿಯ ಹತ್ತಿರ "ನೀರು ಕೊಡಿ" ಎಂದರೆ ಜಗಳ. ಫ್ಲಾಸ್ಕ್ ಕೊಟ್ಟರೆ ಜಗಳ ಇಲ್ಲ. ಅಜ್ಜಿಯ ಸಿಟ್ಟು ತಣ್ಣೀರಿನ ಮೇಲೆ. ಜೀರಿಗೆ ಕುದಿಸಿದ ಬಿಸಿ ನೀರಿಗೆ ಅಜ್ಜಿಯೇ ತಯಾರು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ತುಂಬಿಸಿ ಮಂಚದ ಹತ್ತಿರ ಇಟ್ಟರೆ ಆಯಿತು. ಬಾಣಂತಿ ಪ್ರತಿ ಸಲ ಹಾಲು ಕೊಡುವಾಗ ಒಂದು ಲೋಟ ಕುಡಿದರೆ ಸಾಕು, ಬೇರೆ ಲೆಕ್ಕ ಬೇಡ. ಹಾಲು ಕೊಡಲಿಕ್ಕೆ ಶುರು ಮಾಡಿದ ಕೂಡಲೇ ಬಾಯಿ ಒಣಗುತ್ತದೆ, ಕೊಟ್ಟವರಿಗೆ ನೆನಪಿರಬಹುದು.

ಫ್ಲಾಸ್ಕನ್ನು ಆರಿಸುವ ಕ್ರಮ ಹೇಳುತ್ತೇನೆ. ಅಂಗಡಿಯಲ್ಲಿ ನಿಮ್ಮ ಎಡಗೈಯಲ್ಲಿ ಚೀಲವನ್ನು ಮಗುವಿನ ಹಾಗೆ ಹಿಡಿದುಕೊಳ್ಳಿ. ಅಂಗಡಿಯವನು ನೋಡಲಿ, ಪರವಾಗಿಲ್ಲ. ಬಲಗೈ ಒಂದರಲ್ಲೇ ಫ್ಲಾಸ್ಕ್ ತೆಗೆಯಲಿಕ್ಕೆ, ಲೋಟಕ್ಕೆ ಬಗ್ಗಿಸಲಿಕ್ಕೆ, ಮುಚ್ಚಲಿಕ್ಕೆ ಆಗುತ್ತದಾ ನೋಡಿ. ತಿರುಗಿಸಿ ತೆಗೆಯುವ ಮುಚ್ಚಳಕ್ಕೆ ಎರಡು ಕೈ ಬೇಕು, ಅದು ಬೇಡ. ಮೇಲೆ ಗುಂಡಿ ಒತ್ತಿದರೆ ನೀರು ಬರುವಂಥದ್ದು ಬೇಕು. ಒಂದು ಲೀಟರಿನದ್ದು ಸಾಕು, ಎರಡು ಲೀಟರಿನದ್ದು ಅವಳಿಗೆ ಎತ್ತಲಿಕ್ಕೆ ಭಾರ. ಒಳಗೆ ಗಾಜು ಇರುವ ಫ್ಲಾಸ್ಕ್ ಬೇಡ, ಮಲಗುವ ಕೋಣೆಯಲ್ಲಿ ಒಡೆದರೆ ಕಷ್ಟ. ಸ್ಟೀಲಿನದ್ದು ತೆಗೆದುಕೊಳ್ಳಿ. ಕುದಿಯುವ ನೀರು ತುಂಬಿಸಬೇಡಿ ಅಂತಲೂ ಹೇಳಿ ಬನ್ನಿ. ಮಡಿಲಲ್ಲಿ ಮಗು ಇರುವಾಗ ಕೈ ತಪ್ಪಬಹುದು. ಕುಡಿಯುವಷ್ಟು ಬಿಸಿ ಇದ್ದರೆ ಸಾಕು.

ನೈಟಿಯಲ್ಲೂ ಹೀಗೇ. ಫೀಡಿಂಗ್ ನೈಟಿ ಎಂದು ಮಾರುವುದೆಲ್ಲ ಫೀಡಿಂಗಿಗೆ ಆಗುವುದಿಲ್ಲ. ಎದೆಯ ಎರಡೂ ಬದಿಯಲ್ಲಿ ಜಿಪ್ ಇರಬೇಕು, ಜಿಪ್ ಒಂದು ಗೇಣಾದರೂ ಉದ್ದ ಇರಬೇಕು. ಕೆಲವದರಲ್ಲಿ ನಾಲ್ಕು ಬೆರಳು ಹೋಗುವಷ್ಟು ಮಾತ್ರ ತೆರೆಯುತ್ತದೆ. ಆಗ ಮಗುವಿನ ಮುಖದ ಮೇಲೆ ಬಟ್ಟೆ ಬಿಗಿಯುತ್ತದೆ, ಮಗು ತೊಟ್ಟಿನ ತುದಿಯನ್ನು ಮಾತ್ರ ಹಿಡಿಯುತ್ತದೆ, ತೊಟ್ಟು ಒಡೆಯುತ್ತದೆ. ತೊಟ್ಟಿನ ಸುತ್ತಲಿನ ಕಪ್ಪು ಭಾಗದ ಹೆಚ್ಚಿನಂಶ ಬಾಯಿಯೊಳಗೆ ಹೋಗಬೇಕು. ಒಂದು ಕೆಟ್ಟ ಜಿಪ್ಪಿನಿಂದ ಇಷ್ಟೆಲ್ಲ ಆಗುತ್ತದೆ. ಜಿಪ್ಪು ಪ್ಲಾಸ್ಟಿಕ್ಕಿನದ್ದಾಗಿರಲಿ. ಕಬ್ಬಿಣದ ಹಲ್ಲಿನದ್ದು ಮಗುವಿನ ಕೆನ್ನೆಗೆ ತಾಗುತ್ತದೆ. ಬಟ್ಟೆ ಪೂರ್ತಿ ಹತ್ತಿಯದ್ದು. ಬಣ್ಣ ಗಾಢ ಇರಲಿ, ಹಾಲಿನ ಕಲೆ, ರಕ್ತದ ಕಲೆ ಎದ್ದು ಕಾಣಬಾರದು. ಅಳತೆ ಗೊತ್ತಿಲ್ಲದಿದ್ದರೆ ಬಸುರಿನ ಕೊನೆಯ ತಿಂಗಳಲ್ಲಿ ಹಾಕುತ್ತಿದ್ದ ಅಳತೆ. ಹೆತ್ತ ಕೂಡಲೇ ಯಾರೂ ಮದುವೆ ದಿನದ ಅಳತೆಗೆ ಬರುವುದಿಲ್ಲ, ಮೂರನೇ ನಾಲ್ಕನೇ ದಿನ ಹಾಲು ಇಳಿದಾಗ ಎದೆ ಇನ್ನೂ ತುಂಬಿಕೊಳ್ಳುತ್ತದೆ. ಹೊಸದನ್ನು ಒಮ್ಮೆ ಒಗೆದು, ಮಡಚಿ ಕೊಡಿ. ಕಾಗದದಲ್ಲಿ ಸುತ್ತಿದ ಹೊಸ ಬಟ್ಟೆ ಅವಳಿಗೆ ಇನ್ನೊಂದು ಒಗೆಯುವ ಕೆಲಸ.

ಆಪ್ತ ಗೆಳತಿಯಾದರೆ ಇನ್ನೊಂದು ವಸ್ತು ಕೊಡಬಹುದು, ಗಂಡಸರಿಂದ ತರಿಸುವುದು ಬೇಡ. ಹೊಕ್ಕುಳಿನವರೆಗೆ ಬರುವ ಹತ್ತಿಯ ಚಡ್ಡಿ, ನಾಲ್ಕೈದು. ಸಾಧಾರಣ ಚಡ್ಡಿಯ ಎಲಾಸ್ಟಿಕ್ ಸರಿಯಾಗಿ ಗಾಯದ ಗೆರೆಯ ಮೇಲೇ ಕೂರುತ್ತದೆ. ದಿನವಿಡೀ ಉಜ್ಜುತ್ತದೆ, ಬೆವರುತ್ತದೆ. ಗಾಯ ಒಣಗದೆ ಕೀವಾಗುವುದಕ್ಕೆ ಇದೂ ಒಂದು ದಾರಿ. ಜೊತೆಗೆ ದೊಡ್ಡ ಪ್ಯಾಡ್ ಎರಡು ಪ್ಯಾಕ್. ಇದನ್ನು ಉಡುಗೊರೆ ಎಂದು ಕೊಟ್ಟವಳನ್ನು ಬಾಣಂತಿ ಮರೆಯುವುದಿಲ್ಲ. ಮನೆಯ ಗಂಡಸರ ಹತ್ತಿರ ಪ್ಯಾಡ್ ತರಲಿಕ್ಕೆ ಹೇಳುವ ಸಂಕೋಚ ನಮ್ಮಲ್ಲಿ ಇನ್ನೂ ಹೋಗಿಲ್ಲ.

ತಿನ್ನುವುದರ ಬಗ್ಗೆ ಒಂದು ಮಾತು. ಬಾಣಂತಿ ಲೇಹ್ಯ, ತುಪ್ಪದ ಉಂಡೆ, ಗೋಡಂಬಿ, ಎಲ್ಲರೂ ತರುತ್ತಾರೆ. ತರುವ ಮೊದಲು ಒಂದು ಪ್ರಶ್ನೆ ಕೇಳಿ: ಬಸುರಿನಲ್ಲಿ ಸಕ್ಕರೆ ಇತ್ತಾ? ಈಗ ಎಷ್ಟೋ ಮಂದಿಗೆ ಬಸುರಿನಲ್ಲಿ ಶುಗರ್ ಬರುತ್ತದೆ, ಹೆತ್ತ ಮೇಲೆ ಹೆಚ್ಚಿನವರಿಗೆ ಇಳಿಯುತ್ತದೆ. ಪೂರ್ತಿ ಇಳಿದಿದೆಯಾ ಎಂದು ಆರು ವಾರದ ಹೊತ್ತಿಗೆ ಗ್ಲೂಕೋಸ್ ಕುಡಿಸಿ ಮತ್ತೆ ಪರೀಕ್ಷೆ ಮಾಡಬೇಕು. ಬೆಲ್ಲ ಹಾಕಿ ಕಾಯಿಸಿದ ಲೇಹ್ಯದ ಮೂರು ಭರಣಿ ಅವಳ ಎದುರಿಗೆ ಇಟ್ಟರೆ ಅದು ಸಹಾಯ ಅಲ್ಲ. ಮನೆಯಲ್ಲೇ ಯಾರೋ ಕಾಯಿಸಿದ್ದು, ಒಳಗೆ ಏನು ಹಾಕಿದ್ದಾರೆಂದು ಗೊತ್ತಿಲ್ಲದ ಮದ್ದನ್ನಂತೂ ತರಲೇಬೇಡಿ. ತರುವುದಾದರೆ ಊಟ ತನ್ನಿ. ಹೆಸರುಕಾಳಿನ ಪಲ್ಯ, ನುಗ್ಗೆಸೊಪ್ಪು, ಮೀನು ತಿನ್ನುವ ಮನೆಯಾದರೆ ಮೀನಿನ ಸಾರು. ಖಾರ ಕಡಿಮೆ. ಪಾತ್ರೆ ವಾಪಸ್ ಕೊಡಬೇಕಾಗದ ಡಬ್ಬಿಯಲ್ಲಿ. ಮತ್ತೆ ಅವಳೊಬ್ಬಳಿಗಲ್ಲ, ಮನೆಯವರಿಗೆಲ್ಲ ಒಂದು ಹೊತ್ತಿಗೆ ಆಗುವಷ್ಟು. ಆ ಹೊತ್ತು ಅವಳ ಅಮ್ಮ ಅಡುಗೆಮನೆಯಿಂದ ಹೊರಗೆ ಬಂದು ಮಗುವನ್ನು ಹಿಡಿದುಕೊಳ್ಳುತ್ತಾರೆ.

ದುಡ್ಡು ಖರ್ಚಿಲ್ಲದ ಒಂದು ಉಡುಗೊರೆ ಉಂಟು. ಮಧ್ಯಾಹ್ನದ ಎರಡು ಗಂಟೆ. ನೀವು ಊಟ ಮಾಡಿಕೊಂಡೇ ಹೋಗಿ. ಅವಳು ಹಾಲು ಕೊಟ್ಟ ಕೂಡಲೇ ಮಗುವನ್ನು ನೀವು ತೆಗೆದುಕೊಳ್ಳಿ. ಹೆಗಲ ಮೇಲೆ ಹಾಕಿ ತೇಗು ಬರಿಸಿ, ಬಟ್ಟೆ ಬದಲಿಸಿ, ಬೇರೆ ಕೋಣೆಗೆ ಹೋಗಿ. ಬಾಗಿಲು ಎಳೆದುಕೊಳ್ಳಿ. ಅವಳು ಮಲಗಲಿ. ಮಗು ಕೈಯನ್ನು ಬಾಯಿಗೆ ಒಯ್ಯಲಿಕ್ಕೆ, ತಲೆ ಆಚೀಚೆ ತಿರುಗಿಸಿ ಹುಡುಕಲಿಕ್ಕೆ ಶುರು ಮಾಡಿದರೆ ಅದಕ್ಕೆ ಹಸಿವು. ಆಗ ಎಬ್ಬಿಸಿ ಕೊಡಿ. ತೂಗಿ ತೂಗಿ ಸುಮ್ಮನಿರಿಸಬೇಡಿ, ಸಕ್ಕರೆ ನೀರು ಕೊಡಲೇಬೇಡಿ. ನಿಮಗೆ ಕೆಮ್ಮು ಶೀತ ಇದ್ದರೆ ಆ ದಿನ ಹೋಗುವುದು ಬೇಡ. ಈ ಉಡುಗೊರೆ ಕೊಡಲಿಕ್ಕೆ ಎಲ್ಲರಿಗೂ ಆಗುವುದಿಲ್ಲ, ತುಂಬ ಹತ್ತಿರದವರಿಗೆ ಮಾತ್ರ ಆಗುವುದು. ಉಳಿದವರು ಕಡಿಮೆಪಕ್ಷ ಆ ಹೊತ್ತಿಗೆ ಮಗು ನೋಡಲಿಕ್ಕೆ ಹೋಗದಿದ್ದರೆ ಸಾಕು.

ಸಭೆಯಲ್ಲಿ ಕೆಲವರು ಪ್ರಶ್ನೆ ಕೇಳಿದಿರಿ. ಹಾಲು ಹಿಂಡುವ ಪಂಪ್ ಕೊಡಬಹುದಾ ಎಂದು ಒಬ್ಬರು. ಅವಳು ಕೇಳದೆ ಕೊಡಬೇಡಿ. ಎದೆಗೆ ಇಡುವ ಬಟ್ಟಲಿನ ಅಳತೆ ತೊಟ್ಟಿಗೆ ಸರಿಹೊಂದದಿದ್ದರೆ ನೋವಾಗುತ್ತದೆ, ಗಾಯವೂ ಆಗುತ್ತದೆ. ಪ್ರತಿ ಸಲ ತೊಳೆದು ಬಿಸಿ ನೀರಿನಲ್ಲಿ ಕುದಿಸಬೇಕು, ಅದು ಇನ್ನೊಂದು ಕೆಲಸ. ಮೊದಲ ವಾರಗಳಲ್ಲಿ ಸುಮ್ನೆ ಹಿಂಡುತ್ತಾ ಹೋದರೆ ಹಾಲು ಬೇಕಾದ್ದಕ್ಕಿಂತ ಹೆಚ್ಚಾಗಿ ಎದೆ ಕಟ್ಟಿಕೊಳ್ಳುತ್ತದೆ. ಕೆಲಸಕ್ಕೆ ವಾಪಸ್ ಹೋಗುವ ಹೊತ್ತಿಗೆ ಅವಳೇ ನೋಡಿ ತೆಗೆದುಕೊಳ್ಳಲಿ. ಹೊಟ್ಟೆಗೆ ಕಟ್ಟುವ ಬೆಲ್ಟ್ ಕೂಡ ಹಾಗೇ, ಆಪರೇಷನ್ ಮಾಡಿದ ಡಾಕ್ಟರು ಹೇಳಿದರೆ ಮಾತ್ರ.

ಇನ್ನೊಬ್ಬರು ಕೇಳಿದ್ದು, ತೊಟ್ಟಿಲಿಗೆ ಏನೂ ಹಾಕದೆ ಬಂದರೆ ಅತ್ತೆ ಮನೆಯವರು ಏನು ತಿಳಿದುಕೊಳ್ಳುವುದಿಲ್ಲವಾ ಎಂದು. ತಿಳಿದುಕೊಳ್ಳುತ್ತಾರೆ. ಹಾಗಾಗಿ ತೊಟ್ಟಿಲಿಗೆ 101 ರೂಪಾಯಿ ಹಾಕಿ, ಮಗುವಿನ ಅಜ್ಜಿಯ ಕೈಗೆ ಒಂದು ಪ್ಯಾಕೆಟ್ ಬಿಸ್ಕೆಟ್ ಕೊಡಿ. ದೊಡ್ಡದನ್ನು ಬಾಣಂತಿಗೆ ಕೊಡಿ. ದುಡ್ಡೇ ಕೊಡುವುದಾದರೆ ಲಕೋಟೆಯಲ್ಲಿ ಹಾಕಿ ಎಲ್ಲರ ಎದುರಿಗೆ ಕೊಡಬೇಡಿ, ಅದು ಮಗುವಿನ ಹೆಸರಿನಲ್ಲಿ ಕಪಾಟು ಸೇರುತ್ತದೆ. ಅವಳ ಫೋನಿಗೇ ಕಳಿಸಿ. ಕಳಿಸುವಾಗ "ನಿನಗೆ, ಪ್ಯಾಡಿಗೆ, ನೈಟಿಗೆ, ಆಟೋಕ್ಕೆ" ಎಂದು ಒಂದು ಸಾಲು ಬರೆಯಿರಿ. ಆರನೇ ವಾರ ಆಸ್ಪತ್ರೆಗೆ ತೋರಿಸಲಿಕ್ಕೆ ಹೋಗುವಾಗ ಆಟೋ ಬಾಡಿಗೆಗೆ ಅವಳು ಯಾರ ಹತ್ತಿರವೂ ಕೇಳಬೇಕಾಗಿಲ್ಲ.